ಫೋನಿನ ಲೆಕ್ಕದಲ್ಲಿ ಸ್ಕ್ಯಾನರ್ ಒಂದು ಕೀಬೋರ್ಡು

ಮಾರ್ಚ್ 31 ಹತ್ತಿರವಾದಂತೆ ಆಡಿಟರ್ ಕಡೆಯಿಂದ ಸಣ್ಣ ಅಂಗಡಿಗಳಿಗೆಲ್ಲ ಬರುವ ಪ್ರಶ್ನೆ ಒಂದೇ: ಕ್ಲೋಸಿಂಗ್ ಸ್ಟಾಕ್ ಎಷ್ಟು? ಎಷ್ಟೋ ಪ್ರಾವಿಷನ್ ಸ್ಟೋರುಗಳಲ್ಲಿ ಈ ಪ್ರಶ್ನೆಗೆ ಹೋಗುವ ಉತ್ತರ ಅಂದಾಜಿನದು. ನಿಜವಾಗಿ ಎಣಿಸಲು ಹೊರಟರೆ ಇಬ್ಬರು ಬೇಕು. ಒಬ್ಬರು ಶೆಲ್ಫಿನ ಮುಂದೆ ನಿಂತು ಹೆಸರು ಕೂಗಬೇಕು, ಇನ್ನೊಬ್ಬರು ಪುಸ್ತಕ ಹಿಡಿದು ಬರೆದುಕೊಳ್ಳಬೇಕು. ಒಂದೇ ಕಂಪನಿಯ ಒಂದೇ ಸೋಪು 75 ಗ್ರಾಂ, 100 ಗ್ರಾಂ, 125 ಗ್ರಾಂ ಎಂದು ಮೂರು ರೂಪದಲ್ಲಿದ್ದರೆ ಕೂಗಿದ್ದೊಂದು, ಬರೆದದ್ದೊಂದು ಆಗುವುದು ಸಹಜ. ಬ್ಲೂಟೂತ್ ಬಾರ್‌ಕೋಡ್ ಸ್ಕ್ಯಾನರ್ ಈ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್ ಬೇಡ, ದುಬಾರಿ ತಂತ್ರಾಂಶ ಬೇಡ. ಕೈಯಲ್ಲಿರುವ ಫೋನು ಮತ್ತು ಅದರಲ್ಲಿ ಒಂದು ಖಾಲಿ ಶೀಟ್ ಇದ್ದರೆ ಸಾಕು, ಒಬ್ಬರೇ ಎಣಿಸಬಹುದು.

ಆದರೆ ಸ್ಕ್ಯಾನರ್ ತಂದವರಲ್ಲಿ ಹಲವರು ಎರಡು ದಿನ ಗುದ್ದಾಡಿ ಅದನ್ನು ಡ್ರಾಯರಿಗೆ ಹಾಕಿಬಿಡುತ್ತಾರೆ. ಯಂತ್ರ ಕೆಟ್ಟಿರುವುದಿಲ್ಲ. ಅದು ಫೋನಿನೊಡನೆ ಹೇಗೆ ಮಾತಾಡುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಇದರಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದೇ: ಫೋನಿನ ಮಟ್ಟಿಗೆ ಈ ಸ್ಕ್ಯಾನರ್ ಒಂದು ಕೀಬೋರ್ಡು. ನೀವು ಗುಂಡಿ ಒತ್ತಿ ಸೋಪಿನ ಬಾರ್‌ಕೋಡ್ ಓದಿಸಿದಾಗ ಅದು ಪಟ್ಟಿಗಳನ್ನು 13 ಅಂಕಿಗಳಾಗಿ ಬಿಡಿಸಿ, ಯಾರೋ ಬಹಳ ಬೇಗ ಟೈಪ್ ಮಾಡಿದಂತೆ ಆ ಅಂಕಿಗಳನ್ನು ಫೋನಿಗೆ ಒತ್ತಿ, ಕೊನೆಯಲ್ಲಿ ಎಂಟರ್ ಒತ್ತುತ್ತದೆ. ಸೋಪಿನ ಹೆಸರಾಗಲಿ ಬೆಲೆಯಾಗಲಿ ಅದಕ್ಕೆ ಗೊತ್ತಿಲ್ಲ. ಅಂಕಿಗಳು ಎಲ್ಲಿ ಬೀಳುತ್ತವೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಆ ಹೊತ್ತಿಗೆ ಪರದೆಯಲ್ಲಿ ಕರ್ಸರ್ ಎಲ್ಲಿದೆಯೋ ಅಲ್ಲಿ ಬೀಳುತ್ತವೆ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ, ಪರಿಹಾರವೂ ಇಲ್ಲಿಯೇ ಇದೆ.

ಮೊದಲು ಜೋಡಿಸುವ ಕೆಲಸ. ಇಂದು ಸಿಗುವ ಬಹುಪಾಲು ಸ್ಕ್ಯಾನರುಗಳು ಮೂರು ರೀತಿಯಲ್ಲಿ ಕೆಲಸ ಮಾಡುತ್ತವೆ: ವೈರ್ ಮೂಲಕ, ಜೊತೆಗೆ ಬರುವ ಪುಟ್ಟ ಯುಎಸ್‌ಬಿ ಡಾಂಗಲ್ ಮೂಲಕ, ಇಲ್ಲವೇ ಬ್ಲೂಟೂತ್ ಮೂಲಕ. ಪೆಟ್ಟಿಗೆಯಿಂದ ತೆಗೆದಾಗ ಅನೇಕ ಮಾದರಿಗಳು ಡಾಂಗಲ್‌ಗಾಗಿಯೇ ಕಾಯುತ್ತಿರುತ್ತವೆ. ಹಾಗಾಗಿ ಫೋನಿನಲ್ಲಿ ಎಷ್ಟು ಹುಡುಕಿದರೂ ಸ್ಕ್ಯಾನರಿನ ಹೆಸರು ಕಾಣುವುದಿಲ್ಲ. ಅದನ್ನು ಬ್ಲೂಟೂತ್‌ಗೆ ತಿರುಗಿಸಲು ಯಂತ್ರದ ಮೇಲೆ ಸ್ವಿಚ್ ಹುಡುಕಬೇಡಿ. ಆದೇಶಗಳೆಲ್ಲ ಜೊತೆಗೆ ಬಂದ ಮಡಿಸಿದ ಕಾಗದದಲ್ಲಿ ಬಾರ್‌ಕೋಡ್ ರೂಪದಲ್ಲೇ ಇರುತ್ತವೆ. ಅದರಲ್ಲಿ `Bluetooth HID` ಎಂದು ಬರೆದ ಕೋಡನ್ನು ಓದಿಸಬೇಕು, ಆಮೇಲೆ `Pairing` ಎಂಬುದನ್ನು. ಕೆಲವು ಮಾದರಿಗಳಲ್ಲಿ ಇವೆರಡೂ ಒಂದೇ ಕೋಡ್, ಇನ್ನು ಕೆಲವದರಲ್ಲಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಸಣ್ಣ ದೀಪ ಬೇಗ ಬೇಗ ಮಿನುಗತೊಡಗಿದರೆ ಯಂತ್ರ ಫೋನಿಗಾಗಿ ಕಾಯುತ್ತಿದೆ ಎಂದು ತಿಳಿಯಿರಿ. ಈಗ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ಗೆ ಹೋಗಿ `Pair new device` ಒತ್ತಿ, ಪಟ್ಟಿಯಲ್ಲಿ ಬಂದ ಸ್ಕ್ಯಾನರಿನ ಹೆಸರನ್ನು ಆರಿಸಿದರೆ ಜೋಡಣೆ ಮುಗಿಯಿತು. ದೀಪ ಮಿನುಗುವುದು ನಿಲ್ಲುತ್ತದೆ, ಸಾಮಾನ್ಯವಾಗಿ ಒಂದು ಬೀಪ್ ಕೂಡ ಕೇಳುತ್ತದೆ.

ಆ ಕಾಗದದಲ್ಲಿ ಕೋಡುಗಳು ಒತ್ತೊತ್ತಾಗಿ ಇರುವುದರಿಂದ ಬೇಕಾದದ್ದನ್ನು ಓದಿಸುವಾಗ ಪಕ್ಕದ್ದನ್ನು ಕೈಯಿಂದ ಮುಚ್ಚಿ. ಇಲ್ಲದಿದ್ದರೆ ಗೊತ್ತಿಲ್ಲದೆ ಬೇರೆ ಆದೇಶ ಹೋಗಿ, ಯಂತ್ರ ಇನ್ನೇನೋ ಮಾಡತೊಡಗುತ್ತದೆ. ಕಾಗದದ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು. ಈ ಆದೇಶಗಳು ಒಂದೊಂದು ಮಾದರಿಗೆ ಒಂದೊಂದು ಥರ. ಕಾಗದ ಕಳೆದರೆ ಬೇರೆ ಯಂತ್ರದ್ದು ಕೆಲಸಕ್ಕೆ ಬರುವುದಿಲ್ಲ. ಕ್ಯೂಆರ್ ಕೋಡನ್ನೂ ಓದಬಲ್ಲ ಸ್ಕ್ಯಾನರಾದರೆ ಆ ಫೋಟೋವನ್ನು ಇನ್ನೊಂದು ಫೋನಿನ ಪರದೆಯ ಮೇಲಿಟ್ಟೇ ಓದಿಸಬಹುದು. ಕೆಂಪು ಲೇಸರ್ ಗೆರೆಯ ಹಳೆಯ ಬಗೆಯದ್ದು ಪರದೆಯಿಂದ ಓದುವುದಿಲ್ಲ, ಅದಕ್ಕೆ ಪ್ರಿಂಟ್ ತೆಗೆಯಬೇಕು.

ಫೋನು `Connected` ಎಂದು ತೋರಿಸುತ್ತಿದೆ, ಸ್ಕ್ಯಾನರ್ ಬೀಪ್ ಎನ್ನುತ್ತಿದೆ, ಆದರೂ ಒಂದು ಅಂಕಿಯೂ ಬೀಳುತ್ತಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಬ್ಲೂಟೂತ್‌ನಲ್ಲೇ ಒಂದಕ್ಕಿಂತ ಹೆಚ್ಚು ವಿಧಾನಗಳಿರುವುದು ಇದಕ್ಕೆ ಕಾರಣ. `HID` ಎಂದರೆ ಕೀಬೋರ್ಡ್ ವಿಧಾನ. `SPP` ಎಂಬ ಇನ್ನೊಂದಿದೆ. ಅದರಲ್ಲಿ ಬಂದ ಅಂಕಿಗಳನ್ನು ಹಿಡಿದುಕೊಳ್ಳಲು ಫೋನಿನಲ್ಲಿ ಅದಕ್ಕೆಂದೇ ಮಾಡಿದ ಆ್ಯಪ್ ಇರಬೇಕು, ಮಾಮೂಲಿ ಶೀಟಿಗೆ ಅದು ಏನನ್ನೂ ಟೈಪ್ ಮಾಡುವುದಿಲ್ಲ. ಫೋನಿನಲ್ಲಿ `Forget` ಒತ್ತಿ ಹಳೆಯ ಜೋಡಣೆಯನ್ನು ಅಳಿಸಿ, `HID` ಕೋಡ್ ಓದಿಸಿ, ಮೊದಲಿನಿಂದ ಜೋಡಿಸಿದರೆ ಸರಿಹೋಗುತ್ತದೆ. ಅದಕ್ಕೂ ಮೊದಲು ಮನೆಯವರ ಬೇರೆ ಯಾವುದಾದರೂ ಫೋನಿನ ಜೊತೆ ಅದು ಜೋಡಿಯಾಗಿದೆಯೇ ನೋಡಿ. ಮಗನ ಫೋನು ಗಲ್ಲಾದ ಹತ್ತಿರವೇ ಇದ್ದರೆ ಸ್ಕ್ಯಾನರ್ ಮತ್ತೆ ಆನ್ ಆದಾಗ ಅದಕ್ಕೇ ಅಂಟಿಕೊಳ್ಳಬಹುದು.

ಜೋಡಣೆ ಆದ ಕೂಡಲೇ ಜನ ಗಾಬರಿಯಾಗುವುದು ಪರದೆಯ ಮೇಲಿನ ಕೀಬೋರ್ಡ್ ಮಾಯವಾದಾಗ. ಹೆಸರು ಟೈಪ್ ಮಾಡೋಣವೆಂದರೆ ಅಕ್ಷರಗಳೇ ಮೇಲೆ ಬರುವುದಿಲ್ಲ. ಫೋನಿನ ತರ್ಕ ಸರಿಯಾಗಿಯೇ ಇದೆ: ನಿಜವಾದ ಕೀಬೋರ್ಡ್ ಸಿಕ್ಕಿತಲ್ಲ, ಪರದೆಯ ಮೇಲೆ ಇನ್ನೊಂದು ಯಾಕೆ? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಮತ್ತು ಟೈಪಿಂಗ್‌ಗೆ ಸಂಬಂಧಿಸಿದ ಜಾಗದಲ್ಲಿ `Physical keyboard` ಎಂಬುದಿದೆ. ಅದರೊಳಗೆ ಪರದೆಯ ಕೀಬೋರ್ಡನ್ನೂ ತೋರಿಸು ಎಂಬ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಐಫೋನಿನಲ್ಲಿ ಇದಕ್ಕೆ ಸ್ಕ್ಯಾನರಿನ ಕಡೆಯಿಂದ ದಾರಿ ಇದೆ. ಗುಂಡಿಯನ್ನು ಎರಡು ಸಲ ಒತ್ತಿದರೆ ಕೀಬೋರ್ಡ್ ಮೇಲೆ ಬರುವಂತೆ ಹಲವು ಮಾದರಿಗಳನ್ನು ಮಾಡಿರುತ್ತಾರೆ. ಆಂಡ್ರಾಯ್ಡ್‌ನ ಅದೇ ಜಾಗದಲ್ಲಿ ಕೀಬೋರ್ಡಿನ ವಿನ್ಯಾಸ `English (US)` ಎಂದಿರಲಿ. ಸ್ಕ್ಯಾನರ್ ಕಳಿಸುವುದು ಇಂಥ ಕೀಲಿ ಒತ್ತಲಾಯಿತು ಎಂಬ ಸುದ್ದಿಯನ್ನು ಮಾತ್ರ, ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಫೋನು. ವಿನ್ಯಾಸ ಬೇರೆ ಭಾಷೆಯದ್ದಾದರೆ ಅಂಕಿಯ ಜಾಗದಲ್ಲಿ ಚಿಹ್ನೆಗಳು ಬಂದು ಕೂರಬಹುದು.

ಇನ್ನು ಎಣಿಕೆ. ಗೂಗಲ್ ಶೀಟ್ಸ್‌ನಲ್ಲಿ ಹೊಸ ಶೀಟ್ ತೆರೆದು, ಮೊದಲ ಕಾಲಮ್ಮಿಗೆ ಕೋಡ್ ಎಂದು ತಲೆಬರಹ ಕೊಡಿ. ಒಂದೂ ಸ್ಕ್ಯಾನ್ ಮಾಡುವ ಮೊದಲು ಆ ಇಡೀ ಕಾಲಮ್ಮಿನ ನಂಬರ್ ಫಾರ್ಮ್ಯಾಟನ್ನು `Plain text` ಮಾಡಿ. ಇದನ್ನು ಬಿಟ್ಟರೆ ಶೀಟು ಕೋಡನ್ನು ಸಂಖ್ಯೆ ಎಂದು ಭಾವಿಸುತ್ತದೆ, ಮುಂದೆ ಸೊನ್ನೆ ಇದ್ದರೆ ಬೆಲೆಯಿಲ್ಲದ್ದೆಂದು ಕಿತ್ತುಹಾಕುತ್ತದೆ. ಅಮೆರಿಕದಿಂದ ಬರುವ ಚಾಕೊಲೇಟು, ಸಾಸುಗಳ 12 ಅಂಕಿಯ ಕೋಡುಗಳು ಸೊನ್ನೆಯಿಂದ ಶುರುವಾಗುವುದು ಸಾಮಾನ್ಯ. ಎಕ್ಸೆಲ್ ಬಳಸುವವರಿಗಂತೂ 13 ಅಂಕಿಯ ಕೋಡ್ `8.90123E+12` ಎಂದು ಕಾಣಿಸಿ ದಿಕ್ಕು ತಪ್ಪಿಸುತ್ತದೆ.

ಈಗ ಕರ್ಸರನ್ನು ಎರಡನೇ ಸಾಲಿನಲ್ಲಿಟ್ಟು ಓದಿಸುತ್ತಾ ಹೋದರೆ ಪ್ರತಿ ಕೋಡಿನ ನಂತರದ ಎಂಟರ್ ಕರ್ಸರನ್ನು ಕೆಳಗಿನ ಸಾಲಿಗೆ ಇಳಿಸುತ್ತದೆ. ಕೋಡುಗಳೆಲ್ಲ ಒಂದೇ ಚೌಕದಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದರೆ ಸ್ಕ್ಯಾನರ್ ಎಂಟರ್ ಕಳಿಸುತ್ತಿಲ್ಲ ಎಂದರ್ಥ; ಕಾಗದದಲ್ಲಿ `CR` ಅಥವಾ `Enter` ಸೇರಿಸುವ ಕೋಡ್ ಇರುತ್ತದೆ. ಫೋನನ್ನು `Do Not Disturb`ನಲ್ಲಿಡಿ, ಪರದೆ ಬೇಗ ಆರದಂತೆ ಸಮಯವನ್ನು ಹೆಚ್ಚಿಸಿ. ನಡುವೆ ಕರೆ ಬಂದು ಪರದೆ ಬದಲಾದರೆ, ಅಥವಾ ನೀವು ವಾಟ್ಸಾಪ್ ನೋಡಲು ಹೋಗಿ ಅಲ್ಲೇ ಉಳಿದಿದ್ದರೆ, ಮುಂದಿನ ಕೋಡುಗಳು ಶೀಟಿಗೆ ಬರುವುದಿಲ್ಲ. ತೆರೆದಿರುವ ಚಾಟಿನಲ್ಲೇ ಹೋಗಿ ಬೀಳುತ್ತವೆ.

ಬೀಪ್ ಶಬ್ದದ ಬಗ್ಗೆ ಒಂದು ಮಾತು, ಏಕೆಂದರೆ ಎಣಿಕೆ ತಪ್ಪುವುದು ಹೆಚ್ಚಾಗಿ ಇದನ್ನು ನಂಬಿಯೇ. ಅನೇಕ ಸ್ಕ್ಯಾನರುಗಳಲ್ಲಿ ಬೀಪ್ ಎಂದರೆ ಕೋಡನ್ನು ಓದಿದೆ ಎಂದಷ್ಟೇ ಅರ್ಥ. ಓದಿದ್ದು ಫೋನಿಗೆ ತಲುಪಿತೇ ಎಂಬುದು ಬೇರೆಯೇ ಸಂಗತಿ. ಈ ಸಣ್ಣ ಯಂತ್ರಗಳ ಬ್ಲೂಟೂತ್ ತೆರೆದ ಜಾಗದಲ್ಲಿ ಸುಮಾರು 10 ಮೀಟರ್ ದೂರ ಹೋಗುತ್ತದೆ. ನಡುವೆ ಕಬ್ಬಿಣದ ಶೆಲ್ಫು, ಗೋಡೆ, ಅಕ್ಕಿ ಮೂಟೆಗಳ ಸಾಲು ಬಂದರೆ ಅಷ್ಟೂ ಇಲ್ಲ. ಫೋನನ್ನು ಗಲ್ಲಾದ ಮೇಲಿಟ್ಟು ಹಿಂದಿನ ಕೋಣೆಗೆ ಹೋದರೆ ಬೀಪ್ ಬರುತ್ತಲೇ ಇರುತ್ತದೆ, ಶೀಟು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಫೋನು ನಿಮ್ಮ ಶರ್ಟಿನ ಜೇಬಿನಲ್ಲಿರುವುದಕ್ಕಿಂತ ಎದುರಿನ ಶೆಲ್ಫಿನ ಮೇಲೆ ಪರದೆ ಕಾಣುವಂತೆ ಇದ್ದರೆ ಒಳ್ಳೆಯದು. ಇನ್ನೊಂದು, ಸುಮ್ಮನಿದ್ದರೆ ಸ್ಕ್ಯಾನರ್ ಬ್ಯಾಟರಿ ಉಳಿಸಲು ಕೆಲವು ನಿಮಿಷಗಳಲ್ಲಿ ನಿದ್ರೆಗೆ ಜಾರುತ್ತದೆ. ಗ್ರಾಹಕರೊಬ್ಬರನ್ನು ಕಳಿಸಿ ಬಂದು ಮತ್ತೆ ಗುಂಡಿ ಒತ್ತಿದಾಗ ಅದು ಎದ್ದು ಫೋನನ್ನು ಸೇರಿಕೊಳ್ಳಲು ಒಂದೆರಡು ಕ್ಷಣ ಬೇಕು, ಆ ಮೊದಲ ಸ್ಕ್ಯಾನ್ ಕಳೆದುಹೋಗಬಹುದು. ನಿಲ್ಲಿಸಿ ಮತ್ತೆ ಶುರು ಮಾಡಿದಾಗಲೆಲ್ಲ ಮೊದಲ ಕೋಡ್ ಪರದೆಗೆ ಬಂತೇ ನೋಡಿಯೇ ಮುಂದುವರಿಯಿರಿ. ಗೋಡೌನ್ ದೂರವಿರುವವರಿಗೆ ಅನೇಕ ಮಾದರಿಗಳಲ್ಲಿ ಸಂಗ್ರಹ ವಿಧಾನವೂ ಇದೆ. ಫೋನಿಲ್ಲದೆ ಓದಿಸಿ ಯಂತ್ರದ ನೆನಪಿನಲ್ಲೇ ಇಟ್ಟುಕೊಂಡು, ಅಂಗಡಿಗೆ ಬಂದ ಮೇಲೆ ಒಂದು ಕೋಡ್ ಓದಿಸಿದರೆ ಎಲ್ಲವೂ ಶೀಟಿಗೆ ಸುರಿಯುತ್ತವೆ. ಅಳಿಸುವ ಕೋಡನ್ನು ಮಾತ್ರ ಶೀಟಿನ ಸಾಲುಗಳನ್ನು ತಾಳೆ ನೋಡಿದ ಬಳಿಕವೇ ಓದಿಸಬೇಕು.

ಒಂದು ಸೋಪಿನ ಶೆಲ್ಫನ್ನೇ ತೆಗೆದುಕೊಂಡು ಪೂರ್ತಿ ಲೆಕ್ಕ ನೋಡೋಣ. ಬಿಡಿ ಸೋಪಿನ ಕೋಡ್ 8901234567890 ಎಂದಿಟ್ಟುಕೊಳ್ಳಿ. ಆರಂಭದ 890 ಎಂದರೆ ಆ ಕಂಪನಿ ಜಿಎಸ್1 ಇಂಡಿಯಾದಲ್ಲಿ ನೋಂದಾಯಿಸಿಕೊಂಡಿದೆ ಎಂದು. ವಸ್ತು ಇಲ್ಲೇ ತಯಾರಾಯಿತು ಎಂಬುದಕ್ಕೆ ಅದು ಸಾಕ್ಷಿಯಾಗದು. ಅದೇ ಸೋಪು ನಾಲ್ಕರ ಪ್ಯಾಕಿನಲ್ಲೂ ಬರುತ್ತದೆ, ಆ ಪ್ಯಾಕಿಗೆ ಬೇರೆ ಕೋಡ್: 8901234567906. ವರ್ಷದ ಆರಂಭದಲ್ಲಿ ಇದ್ದದ್ದು 24 ಬಿಡಿ ಸೋಪು. ಬಿಲ್ಲುಗಳ ಪ್ರಕಾರ ಕೊಂಡದ್ದು 72 ಬಿಡಿ ಮತ್ತು ನಾಲ್ಕರ 20 ಪ್ಯಾಕು, ಅಂದರೆ ಮತ್ತೆ 80 ಸೋಪು. ಒಟ್ಟು 176. ಮಾರಿದ್ದು 96. ಉಳಿಯಬೇಕಾದದ್ದು 80.

ಶೆಲ್ಫಿನಲ್ಲಿರುವುದನ್ನೆಲ್ಲ ಓದಿಸಿದ ಮೇಲೆ ಶೀಟಿನಲ್ಲಿ 54 ಸಾಲುಗಳಿವೆ. ಸಾಲುಗಳನ್ನೇ ಸೋಪು ಎಂದುಕೊಂಡರೆ 26 ಸೋಪು ಕಾಣೆಯಾದಂತೆ, ಕೆಲಸದ ಹುಡುಗನ ಮೇಲೆ ಅನುಮಾನ ಬರಲು ಅಷ್ಟು ಸಾಕು. ಅವಸರ ಬೇಡ. ಒಂದು ಕಾಲಮ್ಮು ಬಿಟ್ಟು ಮುಂದೆ, ನಾಲ್ಕನೇ ಕಾಲಮ್ಮಿನ ಎರಡನೇ ಸಾಲಿನಿಂದ ಈ ಮೂರನ್ನು ಪಕ್ಕಪಕ್ಕದ ಚೌಕಗಳಲ್ಲಿ ಬರೆಯಿರಿ:

```
D2:  =UNIQUE(FILTER(A2:A,A2:A<>""))
E2:  =COUNTIF(A$2:A,D2)
F2:  =LEN(D2)
```

ಮೊದಲನೆಯದು ಒಂದೊಂದು ಕೋಡನ್ನೂ ಒಮ್ಮೆ ಮಾತ್ರ ಪಟ್ಟಿ ಮಾಡುತ್ತದೆ, ಎರಡನೆಯದು ಆ ಕೋಡ್ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ, ಮೂರನೆಯದು ಅದರಲ್ಲಿ ಎಷ್ಟು ಅಂಕಿಗಳಿವೆ ಎಂದು ಹೇಳುತ್ತದೆ. ಎರಡನೆಯ ಮತ್ತು ಮೂರನೆಯದನ್ನು ಕೆಳಗಿನ ಸಾಲುಗಳಿಗೂ ಕಾಪಿ ಮಾಡಬೇಕು. ಈಗ ನಮ್ಮ ಶೆಲ್ಫಿನಲ್ಲಿ ಎರಡು ಕೋಡ್ ಬರಬೇಕಿತ್ತು, ಮೂರು ಬಂದಿವೆ. ಬಿಡಿ ಸೋಪಿನದ್ದು 45, ಪ್ಯಾಕಿನದ್ದು 8, ಮತ್ತು 890123456890 ಎಂಬ ಅಪರಿಚಿತ ಕೋಡ್ ಒಂದು. ಮೂರನೆಯದರ ಮುಂದೆ ಅಂಕಿಗಳ ಸಂಖ್ಯೆ 12 ಎಂದಿದೆ. ನಿಧಾನವಾಗಿ ಹೋಲಿಸಿದರೆ ಬಿಡಿ ಸೋಪಿನ ಕೋಡಿನಲ್ಲಿ 7 ಬಿದ್ದುಹೋಗಿರುವುದು ತಿಳಿಯುತ್ತದೆ.

ಸ್ಕ್ಯಾನರ್ ತಪ್ಪು ಓದಿತೇ? ಅದರ ಸಾಧ್ಯತೆ ತೀರಾ ಕಡಿಮೆ. 13 ಅಂಕಿಗಳ ಕೊನೆಯದ್ದು ತಾಳೆಯ ಅಂಕಿ. ಮೊದಲ 12 ಅಂಕಿಗಳನ್ನು ಒಂದು ಬಿಟ್ಟೊಂದರಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತಕ್ಕೆ ಕೊನೆಯ ಅಂಕಿಯನ್ನು ಸೇರಿಸಿದಾಗ ಅದು ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ನಮ್ಮ ಸೋಪಿನ ಮೊತ್ತ 130, ಹಾಗಾಗಿ ಕೊನೆಯ ಅಂಕಿ 0. ಪ್ಯಾಕಿನ ಮೊತ್ತ 104, ಹಾಗಾಗಿ 6. ಈ ಪರೀಕ್ಷೆ ಸರಿಹೋದರೆ ಮಾತ್ರ ಸ್ಕ್ಯಾನರ್ ಬೀಪ್ ಎನ್ನುತ್ತದೆ. ಅಂಕಿ ಬಿದ್ದದ್ದು ಆಮೇಲೆ, ಸ್ಕ್ಯಾನರಿನಿಂದ ಫೋನಿಗೆ ಬರುವ ದಾರಿಯಲ್ಲಿ. ಅದು ಟೈಪ್ ಮಾಡುವ ವೇಗಕ್ಕೆ ಫೋನು ಅಥವಾ ಆ್ಯಪ್ ಸರಿಸಾಟಿಯಾಗದಿದ್ದಾಗ ಹೀಗಾಗುತ್ತದೆ. ಕಾಗದದಲ್ಲಿ ಅಕ್ಷರಗಳ ನಡುವೆ ಸ್ವಲ್ಪ ವಿಳಂಬ ಕೊಡುವ ಕೋಡುಗಳಿರುತ್ತವೆ. ಒಂದು ಹಂತ ನಿಧಾನ ಮಾಡಿದರೆ ಅಂಕಿ ಬೀಳುವುದು ನಿಲ್ಲುತ್ತದೆ. ಆದರೆ 12 ಅಂಕಿ ಕಂಡ ಕೂಡಲೇ ತಪ್ಪೆಂದು ಅಳಿಸಬೇಡಿ, ಆಮದಾದ ವಸ್ತುಗಳಿಗೆ 12 ಅಂಕಿಯೇ ಸರಿಯಾದದ್ದು, ತೀರಾ ಸಣ್ಣ ಪೊಟ್ಟಣಗಳಲ್ಲಿ 8 ಅಂಕಿಯ ಕೋಡೂ ಇರುತ್ತದೆ. ವಸ್ತುವನ್ನು ಕೈಗೆತ್ತಿಕೊಂಡು ಅದರ ಮೇಲೆ ಅಚ್ಚಾದ ಅಂಕಿಗಳನ್ನು ನೋಡಿ ತೀರ್ಮಾನಿಸಿ.

ಹಾಗಾಗಿ ಬಿಡಿ ಸೋಪು 46. ನಾಲ್ಕರ ಪ್ಯಾಕು 8, ಅಂದರೆ 32. ಒಟ್ಟು 78. ಕಾಣೆಯಾದದ್ದು 26 ಅಲ್ಲ, 2. ಮನೆಗೆ ಒಯ್ದು ಬರೆಯದೇ ಬಿಟ್ಟದ್ದೋ, ಸ್ಯಾಂಪಲ್ ಕೊಟ್ಟದ್ದೋ, ಒದ್ದೆಯಾಗಿ ಬಿಸಾಡಿದ್ದೋ ನೆನಪಿಸಿಕೊಳ್ಳಬಹುದಾದ ಪ್ರಮಾಣ ಅದು.

ಪ್ಯಾಕುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಾಲ್ಕರ ಪ್ಯಾಕಿನ ಹೊರಗಿನ ಪ್ಲಾಸ್ಟಿಕ್ ಪಾರದರ್ಶಕವಾಗಿದ್ದರೆ ಸ್ಕ್ಯಾನರ್ ಒಳಗಿನ ಬಿಡಿ ಸೋಪಿನ ಕೋಡನ್ನೇ ಓದಿಬಿಡಬಹುದು. ಆಗ ನಾಲ್ಕು ಸೋಪು ಒಂದಾಗಿ ಲೆಕ್ಕಕ್ಕೆ ಬರುತ್ತದೆ, ಅಂಕಿ 13 ಇರುವುದರಿಂದ ಮೇಲಿನ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಪ್ಯಾಕುಗಳನ್ನು ಮೊದಲೇ ಒಂದು ಕಡೆ ಜೋಡಿಸಿ, ಅವನ್ನು ಮುಗಿಸಿಯೇ ಬಿಡಿ ಸೋಪಿಗೆ ಬರುವುದು ಕ್ಷೇಮ. ರಟ್ಟಿನ ಪೆಟ್ಟಿಗೆಯ ಮೇಲಿನ ಕೋಡ್ ಸಾಮಾನ್ಯವಾಗಿ 14 ಅಂಕಿಯದ್ದು, ಅದು ಪೆಟ್ಟಿಗೆಯ ಗುರುತು. ಒಡೆಯದ ಪೆಟ್ಟಿಗೆಗಳಿದ್ದರೆ ಅವನ್ನು ಸ್ಕ್ಯಾನ್ ಮಾಡುವುದಕ್ಕಿಂತ ಕೈಯಲ್ಲೇ ಎಣಿಸಿ, ಒಳಗಿನ ಸಂಖ್ಯೆಯಿಂದ ಗುಣಿಸಿ, ಪಕ್ಕದ ಕಾಲಮ್ಮಿನಲ್ಲಿ ಬರೆದುಬಿಡುವುದು ಉತ್ತಮ. 48 ಸೋಪಿಗೆ 48 ಸಲ ಗುಂಡಿ ಒತ್ತಬೇಕಾಗಿಲ್ಲ.

ಎಣಿಕೆ ಎಷ್ಟು ಚೊಕ್ಕವಾಗಿದ್ದರೂ ಬಾರ್‌ಕೋಡ್ ಹೇಳದ ಸಂಗತಿಗಳಿವೆ. ಸೋಪಿನ ಮೇಲಿನ ಈ 13 ಅಂಕಿಗಳಲ್ಲಿ ತಯಾರಾದ ದಿನವಿಲ್ಲ, ಎಕ್ಸ್‌ಪೈರಿ ಇಲ್ಲ, ಎಂಆರ್‌ಪಿ ಇಲ್ಲ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟುಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಾಗ ಇದು ಕಣ್ಣಿಗೆ ಕಟ್ಟುವಂತೆ ಎದುರಾಯಿತು. ಹಳೆಯ ಬೆಲೆ ಅಚ್ಚಾದ ಸರಕು, ಅದರ ಮೇಲೆ ಹೊಸ ಬೆಲೆಯ ಸ್ಟಿಕರ್ ಅಂಟಿಸಿದ್ದು, ಹೊಸ ಬೆಲೆಯಲ್ಲೇ ಅಚ್ಚಾಗಿ ಬಂದದ್ದು, ಹೀಗೆ ಮೂರೂ ಒಂದೇ ಶೆಲ್ಫಿನಲ್ಲಿ ಒಂದೇ ಕೋಡ್ ಹೊತ್ತು ಕೂರುವ ಪರಿಸ್ಥಿತಿ ಬಂತು. ಸ್ಕ್ಯಾನರಿಗೆ ಆ ಮೂರೂ ಒಂದೇ. ಸ್ಟಾಕಿನ ಬೆಲೆ ಕಟ್ಟುವಾಗ ಎಷ್ಟು ರೂಪಾಯಿಗೆ ಕೊಂಡದ್ದು ಎಂಬುದು ಮುಖ್ಯ. ಆದ್ದರಿಂದ ಒಂದೇ ವಸ್ತು ಎರಡು ದರದಲ್ಲಿ ಬಂದಿದ್ದರೆ ಎರಡು ಗುಂಪು ಮಾಡಿ, ಒಂದು ಗುಂಪು ಮುಗಿದ ಮೇಲೆ ಶೀಟಿನಲ್ಲಿ ಹೊಸ ಟ್ಯಾಬ್ ತೆರೆದು ಇನ್ನೊಂದನ್ನು ಓದಿಸಬೇಕು. ಎಕ್ಸ್‌ಪೈರಿ ಹತ್ತಿರವಾದದ್ದನ್ನೂ ಹಾಗೆಯೇ ಬೇರೆ ಇಡಿ.

ಚೀಲದಲ್ಲಿ ಬಂದು ಬಿಡಿಯಾಗಿ ಹೋಗುವ ತೊಗರಿಬೇಳೆ, ಬೆಲ್ಲ, ಒಣಮೆಣಸಿನಕಾಯಿಗೆ ಕೋಡೇ ಇಲ್ಲ. ಇವುಗಳಿಗೆ 1001, 1002 ಎಂದು ನಿಮ್ಮದೇ ಸಂಖ್ಯೆ ಕೊಟ್ಟು, `Code 128` ಎಂಬ ಬಗೆಯ ಬಾರ್‌ಕೋಡನ್ನು ಲೇಬಲ್ಲಿನಲ್ಲಿ ಅಚ್ಚು ಮಾಡಿಸಿ ಡಬ್ಬದ ಮೇಲೆ ಅಂಟಿಸಬಹುದು. ಬಹುತೇಕ ಎಲ್ಲ ಸ್ಕ್ಯಾನರುಗಳೂ ಅದನ್ನು ಓದುತ್ತವೆ. ತೂಕವನ್ನು ಮಾತ್ರ ತಕ್ಕಡಿಯಿಂದಲೇ ತೆಗೆದುಕೊಂಡು ಪಕ್ಕದ ಚೌಕದಲ್ಲಿ ಕೈಯಿಂದ ಬರೆಯಬೇಕು. ಪರದೆಯ ಕೀಬೋರ್ಡನ್ನು ಮರಳಿ ತಂದಿಟ್ಟುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡಬ್ಬದ ತೂಕ ಕಳೆಯುವುದನ್ನು ಮರೆಯಬೇಡಿ, ಖಾಲಿ ಡಬ್ಬದ ತೂಕವನ್ನು ಆ ಲೇಬಲ್ಲಿನ ಮೇಲೆಯೇ ಬರೆದಿಟ್ಟರೆ ಪ್ರತಿ ವರ್ಷ ಸುರಿದು ತೂಗುವ ಕೆಲಸ ತಪ್ಪುತ್ತದೆ.

ಎಣಿಕೆಯನ್ನು ಬಾಗಿಲು ಹಾಕಿದ ಮೇಲೆ ಮಾಡುವುದು ಒಳ್ಳೆಯದು, ಆದರೆ ಎಲ್ಲ ಅಂಗಡಿಗಳಿಗೂ ಒಂದೇ ರಾತ್ರಿಯಲ್ಲಿ ಮುಗಿಯುವ ಕೆಲಸ ಅದಲ್ಲ. ವ್ಯಾಪಾರ ನಡೆಯುವಾಗಲೇ ಮಾಡುವುದಾದರೆ ಶೆಲ್ಫಿಗೊಂದು ಟ್ಯಾಬ್ ಇರಲಿ. ಮುಗಿದ ಶೆಲ್ಫಿಗೆ ಒಂದು ಚೀಟಿ ಅಂಟಿಸಿ, ಎಣಿಸಿದ ದಿನ ಮತ್ತು ಸಮಯ ಬರೆಯಿರಿ. ಆಮೇಲೆ ಆ ಶೆಲ್ಫಿನಿಂದ ಏನೇ ಮಾರಾಟವಾದರೂ ಅದೇ ಚೀಟಿಯಲ್ಲಿ ಒಂದೊಂದು ಗೀಟು ಎಳೆಯಬೇಕು, ಹೊಸದಾಗಿ ತುಂಬಿಸಿದ್ದನ್ನೂ ಬರೆಯಬೇಕು. ಕೊನೆಯ ಶೆಲ್ಫು ಮುಗಿದ ಸಂಜೆ ಎಲ್ಲ ಚೀಟಿಗಳ ಗೀಟುಗಳನ್ನು ಆಯಾ ಟ್ಯಾಬಿನ ಲೆಕ್ಕದಿಂದ ಕಳೆದು, ತುಂಬಿಸಿದ್ದನ್ನು ಕೂಡಿಸಿ, ಶೀಟಿನ ಒಂದು ಪ್ರತಿಯನ್ನು ದಿನಾಂಕದ ಹೆಸರಿನಲ್ಲಿ ಬೇರೆ ಉಳಿಸಿ. ಆಡಿಟರಿಗೆ ಕಳಿಸುವುದು ಆ ಪ್ರತಿಯನ್ನು. ಕೆಲಸ ಮಾಡುವ ಶೀಟಿನಲ್ಲಿ ಕರ್ಸರ್ ಇದ್ದರೆ ಯಾರೋ ಸುಮ್ಮನೆ ಸ್ಕ್ಯಾನರಿನ ಗುಂಡಿ ಒತ್ತಿದರೂ ಅದರಲ್ಲಿ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ.